ಆಟದ ನೋಟಿನಲ್ಲಿ ಡಾಲರ್ ದರ: ಇವತ್ತು 9 ಇದ್ದದ್ದು ನಾಳೆ 10 ಆಗುವುದನ್ನು ಒಂಬತ್ತನೇ ಕ್ಲಾಸಿಗೆ ತೋರಿಸುವುದು ಹೇಗೆ?

ಸೋಮವಾರಪೇಟೆ ಟೀಚರ್

ಒಂಬತ್ತನೇ ತರಗತಿಗೆ 40 ನಿಮಿಷದ ಒಂದೇ ಪೀರಿಯಡ್ ಇದೆ. ಡಾಲರ್ ದರ ದಿನಾ ಯಾಕೆ ಬದಲಾಗುತ್ತದೆ ಎಂಬುದನ್ನು ಆಟದ ನೋಟಿನಿಂದ ತೋರಿಸಬೇಕು. ಅರ್ಧ ಮಕ್ಕಳಿಗೆ ಆಟದ ರೂಪಾಯಿ, ಇನ್ನರ್ಧಕ್ಕೆ ಹಸಿರು ರಟ್ಟಿನ ಡಾಲರ್ ಬಿಲ್ಲೆ ಕೊಟ್ಟು "ಚೌಕಾಸಿ ಮಾಡಿ ಬದಲಿಸಿಕೊಳ್ಳಿ" ಎಂದರೆ ಒಬ್ಬಳು 5ಕ್ಕೆ ಕೊಟ್ಟಳು, ಪಕ್ಕದವನು 20ಕ್ಕೆ ಕೊಟ್ಟ, ಇನ್ನೊಬ್ಬ ಗೆಳೆಯನಿಗೆ ಪುಕ್ಕಟೆಯಾಗಿಯೇ ಕೊಟ್ಟ. ದರ ಅಂತ ಒಂದು ಹುಟ್ಟಲೇ ಇಲ್ಲ. ಎಲ್ಲಿ ತಪ್ಪಿತು?

ಪೂವಯ್ಯ, ಮಡಿಕೇರಿ

ಮೇಡಂ, ಮಕ್ಕಳಿಗೆ ಡಾಲರ್ ಕೊಟ್ಟಿರಿ, ಅದು ಯಾಕೆ ಬೇಕು ಅಂತ ಕೊಡಲಿಲ್ಲ. ತಪ್ಪಿದ್ದು ಅಲ್ಲಿ. ಬೇಕಾದವನಿಗೆ ಎಷ್ಟು ಅವಸರ, ಮಾರುವವನಿಗೆ ಎಷ್ಟು ಬಂದರೆ ಸಾಕು ಎನ್ನುವ ಮಿತಿ ಇಲ್ಲದಿದ್ದರೆ ಅದು ಸ್ನೇಹದ ಕೊಡು-ಕೊಳ್ಳು ಅಷ್ಟೇ. ವಿದೇಶಿ ವಿನಿಮಯದ ಮೇಜಿನಲ್ಲಿ ಕೆಲಸ ಮಾಡಿದ ಲೆಕ್ಕದಲ್ಲಿ ಹೇಳುವುದಾದರೆ, ಅಲ್ಲಿ ನಡೆಯುವುದೆಲ್ಲ ಈ ಮಿತಿಗಳ ತಾಕಲಾಟವೇ.

ಹೀಗೆ ಮಾಡಿ. ಹತ್ತು ಮಕ್ಕಳು ಡಾಲರ್ ಮಾರುವವರು, ಹತ್ತು ಮಕ್ಕಳು ಕೊಳ್ಳುವವರು. ಪ್ರತಿಯೊಬ್ಬರಿಗೂ ಒಂದು ಮಡಿಸಿದ ಚೀಟಿ. ಮಾರುವವರ ಚೀಟಿಯಲ್ಲಿ "ಕಾಫಿ ರಫ್ತು ಮಾಡಿದ ಕ್ಯೂರಿಂಗ್ ವರ್ಕ್ಸ್, 8ಕ್ಕಿಂತ ಕಡಿಮೆಗೆ ಕೊಡಬೇಡ" ಎಂಬ ತರಹದ ಒಂದು ಸಾಲು. ಕೊಳ್ಳುವವರ ಚೀಟಿಯಲ್ಲಿ "ಪೊಟ್ಯಾಷ್ ಗೊಬ್ಬರ ತರಿಸುವವರು, 10ಕ್ಕಿಂತ ಹೆಚ್ಚು ಕೊಡಬೇಡ". ಮಾರುವ ಹತ್ತು ಚೀಟಿಗಳ ಕನಿಷ್ಠ ಬೆಲೆ 6, 7, 7, 8, 8, 9, 9, 10, 11, 12. ಕೊಳ್ಳುವ ಹತ್ತು ಚೀಟಿಗಳ ಗರಿಷ್ಠ ಬೆಲೆ 13, 12, 12, 11, 10, 10, 9, 8, 7, 6. ಒಬ್ಬರಿಗೆ ಒಂದೇ ಡಾಲರ್, ಮಾರುವುದಾಗಲಿ ಕೊಳ್ಳುವುದಾಗಲಿ.

ಚೌಕಾಸಿ ಬೇಡ. ಒಬ್ಬರು ದರ ಕೂಗಬೇಕು, ಉಳಿದವರು ಕೈ ಎತ್ತಬೇಕು. 8 ಅಂತ ಕೂಗಿದರೆ ಮಾರಲು 5 ಕೈ, ಕೊಳ್ಳಲು 8 ಕೈ ಏಳುತ್ತವೆ. ಕೊಳ್ಳುವವರು ಹೆಚ್ಚು, ಆದ್ದರಿಂದ ದರ ಒಂದು ಮೇಲೆ. 10 ಅಂತ ಕೂಗಿದರೆ ಮಾರಲು 8, ಕೊಳ್ಳಲು 6. ಮಾರುವವರು ಹೆಚ್ಚು, ಒಂದು ಕೆಳಗೆ. 9ಕ್ಕೆ ಏಳು ಕೈ, ಏಳು ಕೈ. ಅಲ್ಲಿ ನಿಲ್ಲಿಸಿ ಏಳು ಜೋಡಿ ನೋಟು-ಬಿಲ್ಲೆ ಬದಲಿಸಿಕೊಳ್ಳಲಿ. ಅದು ಮೊದಲ ದಿನದ ದರ.

ಎರಡನೇ ದಿನ ಹಳೆಯ ಚೀಟಿಗಳನ್ನು ಮುಟ್ಟಬೇಡಿ. ಸುಮ್ಮನೆ ಕುಳಿತಿದ್ದ ಇಬ್ಬರಿಗೆ ಹೊಸ ಕೊಳ್ಳುವ ಚೀಟಿ ಕೊಡಿ: "ಕಚ್ಚಾ ತೈಲ ದುಬಾರಿಯಾಗಿದೆ, ಹೆಚ್ಚು ಡಾಲರ್ ಬೇಕು", ಒಂದರಲ್ಲಿ 14, ಇನ್ನೊಂದರಲ್ಲಿ 13. ಈಗ 9 ಕೂಗಿದರೆ ಮಾರಲು 7, ಕೊಳ್ಳಲು 9. 10 ಕೂಗಿದರೆ ಎಂಟಕ್ಕೆ ಎಂಟು. ಉಳಿದ ಇಪ್ಪತ್ತು ಜನರ ಮನಸ್ಸು ಒಂದಿಷ್ಟೂ ಬದಲಾಗಿಲ್ಲ, ಆದರೂ ದರ ಎಲ್ಲರಿಗೂ ಬದಲಾಯಿತು. ಮಕ್ಕಳಿಗೆ ಕಾಣಬೇಕಾದದ್ದು ಇದು. 9ಕ್ಕೆ ಕೊಂಡಿದ್ದ ಹುಡುಗಿಗೆ ಇವತ್ತು ಅದೇ ಬೆಲೆಗೆ ಸಿಗುವುದಿಲ್ಲ, ಅವಳು ಏನೂ ತಪ್ಪು ಮಾಡಿಲ್ಲ.

ಭಾಗಮಂಡಲ ಮೇಷ್ಟ್ರು

ಪೂವಯ್ಯನವರ ಆಟಕ್ಕೆ ಕೆಲವು ಕೈಗೆಲಸದ ಮಾತು. ಕೊಳ್ಳುವ ಪ್ರತಿಯೊಬ್ಬರಿಗೂ ಐದು 1ರ ನೋಟು, ಎರಡು 5ರ ನೋಟು ಕೊಡಿ. 15ರ ವರೆಗೆ ಯಾವ ಮೊತ್ತವನ್ನಾದರೂ ಚಿಲ್ಲರೆ ಕೇಳದೆ ಕೊಡಬಹುದು. 10ರ ನೋಟು ಕೊಟ್ಟರೆ "ಚಿಲ್ಲರೆ ಇಲ್ಲ" ಎನ್ನುವುದರಲ್ಲೇ ಹದಿನೈದು ನಿಮಿಷ ಹೋಗುತ್ತದೆ. ಹನ್ನೆರಡು ಕೊಳ್ಳುವವರಿಗೆ 60 ಒಂದರ ನೋಟು, 24 ಐದರ ನೋಟು ಸಾಕು. ಬಿಲ್ಲೆಗೆ ಹಳೆಯ ಮದುವೆ ಕಾಗದದ ರಟ್ಟು ಒಳ್ಳೆಯದು, ಮಡಚುವುದಿಲ್ಲ.

ಚೀಟಿ ತೆರೆದಿಟ್ಟರೆ ಆಟ ಕೆಟ್ಟಿತು. ಪಕ್ಕದವನು 13 ಕೊಡಲು ಸಿದ್ಧ ಅಂತ ಗೊತ್ತಾದ ಕೂಡಲೇ ಮಾರುವ 6ರ ಚೀಟಿಯವನು ಕೈ ಎತ್ತುವುದಿಲ್ಲ. ಕೈ ಲೆಕ್ಕ ಮೇಲೆ ಹೇಳಿದ ಸಂಖ್ಯೆಗೆ ಬರದಿದ್ದರೆ ಎಲ್ಲೋ ಇಣುಕು ನಡೆದಿದೆ ಅಂತಲೇ ತಿಳಿಯಿರಿ.

ಇನ್ನೊಂದು, ದರ ಕೂಗುವುದು ಟೀಚರ್ ಆಗಬಾರದು. ಟೀಚರ್ ಕೂಗಿದರೆ ಕೊನೆಗೆ "ದರ ಯಾರು ನಿಗದಿ ಮಾಡಿದ್ದು?" ಎಂದು ಕೇಳಿದಾಗ ಇಡೀ ಕ್ಲಾಸು "ಮಿಸ್" ಅನ್ನುತ್ತದೆ. ಒಬ್ಬ ಹುಡುಗ ಕೂಗಲಿ, ಒಬ್ಬಳು ಎಣಿಸಲಿ, ಒಬ್ಬರು ಬೋರ್ಡಿನಲ್ಲಿ ಬರೆಯಲಿ. ಕೂಗುವವನಿಗೆ ಇರುವ ನಿಯಮ ಒಂದೇ: ಕೊಳ್ಳುವ ಕೈ ಹೆಚ್ಚಿದ್ದರೆ ಒಂದು ಮೇಲೆ, ಮಾರುವ ಕೈ ಹೆಚ್ಚಿದ್ದರೆ ಒಂದು ಕೆಳಗೆ.

ಸೋಮವಾರಪೇಟೆ ಟೀಚರ್

ಕೂಗುವವರ ವಿಷಯ ಹೊಳೆದೇ ಇರಲಿಲ್ಲ ಸಾರ್. ಒಂದು ಅನುಮಾನ. "ದರ ಏರಿತು" ಎಂದರೆ ಮಕ್ಕಳು ರೂಪಾಯಿ ಏರಿತು ಅಂದುಕೊಳ್ಳುತ್ತಾರೆ. 9 ಹೋಗಿ 10 ಆಯಿತಲ್ಲ, ದೊಡ್ಡದಾಯಿತಲ್ಲ ಅಂತ.

ಪೂವಯ್ಯ, ಮಡಿಕೇರಿ

ಅದಕ್ಕೆ ಸಂತೆಯ ಮಾತೇ ಸಾಕು. ಬೋರ್ಡಿನಲ್ಲಿ "1 ಡಾಲರ್ = __ ರೂಪಾಯಿ" ಎಂದು ಒಂದೇ ರೀತಿ ಬರೆಯಿರಿ, ತಿರುಗಿಸಿ ಬರೆಯಲೇಬೇಡಿ. ಡಾಲರನ್ನು ಹಸಿಮೆಣಸಿನಕಾಯಿ ಅಂದುಕೊಳ್ಳಲಿ. ಕಿಲೋಗೆ 40 ಇದ್ದದ್ದು 60 ಆದರೆ ಯಾರೂ "ನನ್ನ ದುಡ್ಡು ಏರಿತು" ಅನ್ನುವುದಿಲ್ಲ. ಡಾಲರ್ ದುಬಾರಿಯಾಯಿತು, ಅಂದರೆ ನಮ್ಮ ನೋಟಿಗೆ ಸಿಗುವುದು ಕಡಿಮೆಯಾಯಿತು.

ರಂಜನ್ ಕುಶಾಲನಗರ

ಇಷ್ಟೆಲ್ಲ ಯಾಕೆ? ಸರ್ಕಾರ ನೋಟು ಜಾಸ್ತಿ ಪ್ರಿಂಟ್ ಮಾಡುತ್ತದೆ, ರೂಪಾಯಿ ಬೀಳುತ್ತದೆ. ಮಕ್ಕಳಿಗೆ ಎಲ್ಲರಿಗೂ ಎರಡರಷ್ಟು ಆಟದ ನೋಟು ಕೊಟ್ಟುಬಿಡಿ, ದರ ಎರಡರಷ್ಟಾಗುತ್ತದೆ. ಮುಗಿಯಿತು.

ಪೂವಯ್ಯ, ಮಡಿಕೇರಿ

ರಂಜನ್, ನೀವು ಹೇಳಿದ್ದು ಸುಳ್ಳಲ್ಲ, ಆದರೆ ಅದು ವರ್ಷಗಳ ಕಥೆ. ಮೇಡಂ ಕೇಳಿದ್ದು ಸೋಮವಾರಕ್ಕೂ ಮಂಗಳವಾರಕ್ಕೂ ನಡುವಿನ ವ್ಯತ್ಯಾಸ. ಒಂದು ರಾತ್ರಿಯಲ್ಲಿ ಯಾರೂ ಅಷ್ಟು ನೋಟು ಪ್ರಿಂಟ್ ಮಾಡುವುದಿಲ್ಲ. ಅಲ್ಲದೆ ಹಲವು ದಿನ ದರ ಇಳಿಯುತ್ತದೆ ಕೂಡ. ಆ ದಿನ ನೋಟು ಸುಟ್ಟರೇ?

ನಿಮ್ಮ ಪ್ರಯೋಗವನ್ನೂ ಇದೇ ಚೀಟಿಗಳಲ್ಲಿ ಲೆಕ್ಕ ಹಾಕಿ ನೋಡಿ. ಮೊದಲ ದಿನದ ಕೊಳ್ಳುವವರ ಕೈಯಲ್ಲಿ ನೋಟು ಎರಡರಷ್ಟಾಗಿ ಅವರ ಮಿತಿಯೂ ಎರಡರಷ್ಟಾಯಿತು ಅನ್ನಿ: 26, 24, 24, 22, 20, 20, 18, 16, 14, 12. ಮಾರುವವರ ಚೀಟಿ ಹಾಗೆಯೇ ಇದೆ. ಆಗ ದರ 18ಕ್ಕೆ ಹೋಗುವುದಿಲ್ಲ, 12ರಲ್ಲಿ ಹತ್ತಕ್ಕೆ ಹತ್ತು ಕೈ ಸಮವಾಗುತ್ತದೆ. ತೋಟದ ಕೂಲಿ, ಗೊಬ್ಬರ, ಗೋಣಿಚೀಲ ಎಲ್ಲದರ ಬೆಲೆಯೂ ಎರಡರಷ್ಟಾಗಿ ಮಾರುವವರ ಮಿತಿಯೂ ದುಪ್ಪಟ್ಟಾದ ಮೇಲಷ್ಟೇ 18. ಆ "ಆದ ಮೇಲೆ" ಎನ್ನುವುದಕ್ಕೆ ಕಾಲ ಬೇಕು.

ರಂಜನ್ ಕುಶಾಲನಗರ

12 ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಕಾಗದದಲ್ಲಿ ಬರೆದು ನೋಡಿದೆ, ಸರಿ ಇದೆ. ಆದರೂ ಮೂಲ ಕಾರಣ ನೋಟೇ ಎನ್ನುವುದು ನನ್ನ ಅಭಿಪ್ರಾಯ.

ಸಿದ್ದಾಪುರ ಗಿರೀಶ

ದರ ದಿನಾ ಏರಿಳಿದರೆ ನಮಗೇನು ಸಿಕ್ಕಿತು ಹೇಳಿ. ಡಾಲರ್ 84ರಿಂದ 86 ಆದರೂ ವ್ಯಾಪಾರಿ ರೊಬಸ್ಟಾ ಚೆರ್ರಿಗೆ ಮೂಟೆಗೆ ಕಮ್ಮಿಯೇ ಹೇಳಿದ. ರೂಪಾಯಿ ಬಿದ್ದರೆ ಕಾಫಿಯವರಿಗೆ ಲಾಭ ಅನ್ನುತ್ತಾರೆ, ನಮ್ಮ ಮೂಟೆಗೆ ಬರಲಿಲ್ಲ. ಇದಕ್ಕೆ ಉತ್ತರ ಕೊಡಿ ಮೊದಲು.

ಪೂವಯ್ಯ, ಮಡಿಕೇರಿ

ಗಿರೀಶಣ್ಣ, ಇದು ಬೇರೆ ಪ್ರಶ್ನೆ, ಆದರೆ ಕ್ಲಾಸಿಗೂ ಬೇಕಾದದ್ದೇ. ರೊಬಸ್ಟಾಕ್ಕೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಅಂತ ಬೆಲೆ ಕಟ್ಟುತ್ತಾರೆ. ನಿಮ್ಮ ಮೂಟೆಗೆ ಎರಡು ದರ ಗುಣಿಸಿ ಬರುತ್ತದೆ, ಒಂದಲ್ಲ. ಉದಾಹರಣೆಗೆ ಲೆಕ್ಕಕ್ಕೆ ಸುಲಭವಾಗಲಿ ಅಂತ ಟನ್ನಿಗೆ 4,000 ಡಾಲರ್ ಇಟ್ಟುಕೊಳ್ಳಿ. ಡಾಲರಿಗೆ 84 ಇದ್ದಾಗ ಕಿಲೋಗೆ 336 ರೂಪಾಯಿ. ಡಾಲರ್ 86 ಆಗಿ ಲಂಡನ್ ಹಾಗೆಯೇ ನಿಂತರೆ 344. ಆದರೆ ಅದೇ ವಾರ ಲಂಡನ್ 3,900ಕ್ಕೆ ಇಳಿದರೆ 335 ರೂಪಾಯಿ 40 ಪೈಸೆ. ರೂಪಾಯಿ ಬಿದ್ದಿತು, ನಿಮ್ಮ ಬೆಲೆಯೂ ಬಿದ್ದಿತು. 50 ಕಿಲೋ ಚೆರ್ರಿ ಮೂಟೆಯಿಂದ ಸಿಗುವ ಬೀಜ, ಅಂದರೆ ಔಟ್‌ಟರ್ನ್, 26 ಕಿಲೋ ಇದ್ದರೆ 8,736 ಇದ್ದದ್ದು 8,720 ಆಯಿತು, ಖರ್ಚು ಕಳೆಯುವ ಮೊದಲು.

ಜೊತೆಗೆ ಎಷ್ಟೋ ರಫ್ತುದಾರರು ಮೂರು ತಿಂಗಳ ನಂತರ ಬರುವ ಡಾಲರನ್ನು ಮೊದಲೇ ಬ್ಯಾಂಕಿಗೆ ಒಂದು ದರಕ್ಕೆ ಮಾರಿ ಒಪ್ಪಂದ ಮಾಡಿಕೊಂಡಿರುತ್ತಾರೆ. ಅವರಿಗೆ ಏರಿದ ಮೇಲಿನ 86 ಸಿಕ್ಕಿರುವುದೇ ಇಲ್ಲ.

ಸಿದ್ದಾಪುರ ಗಿರೀಶ

ಸರಿ, ಲೆಕ್ಕ ಅರ್ಥವಾಯಿತು. ಆದರೆ ಡಾಲರ್ 84ಕ್ಕೆ ಇಳಿದ ದಿನ ವ್ಯಾಪಾರಿ ಅದನ್ನು ಮರೆಯುವುದಿಲ್ಲ, ಏರಿದ ದಿನ ಮಾತ್ರ ಮರೆಯುತ್ತಾನೆ. ಅದು ಯಾವ ಲೆಕ್ಕ?

ಭಾಗಮಂಡಲ ಮೇಷ್ಟ್ರು

ಅದಕ್ಕೆ ಆಟದ ನೋಟು ಸಾಲದು ಗಿರೀಶಣ್ಣ 🙂 ಕ್ಲಾಸಿಗೆ ವಾಪಸ್ ಬರೋಣ. ಮೂರನೇ ದಿನ ನಾನು ಹೀಗೆ ಮಾಡುತ್ತೇನೆ: ತೈಲದ ಎರಡು ಚೀಟಿ ಇರಲಿ, ಜೊತೆಗೆ ಮಾರುವ ಕಡೆಗೂ 6 ಮತ್ತು 7ರ ಎರಡು ಹೊಸ ಚೀಟಿ, "ಕೊಯ್ಲು ಮುಗಿದು ಕಾಫಿ ಹಡಗು ಹತ್ತಿತು, ಡಾಲರ್ ಬಂತು". ದರ ಮತ್ತೆ 9, ಈ ಸಲ ಒಂಬತ್ತು ಜೋಡಿ. ಬೋರ್ಡಿನಲ್ಲಿ ದರವನ್ನು ಮಾತ್ರ ಬರೆದರೆ ಮೊದಲ ದಿನವೂ 9, ಇವತ್ತೂ 9, ಏನೂ ಆಗಿಲ್ಲ ಅಂತ ಕಾಣುತ್ತದೆ. ಒಳಗೆ ಎರಡು ಕಡೆಯಿಂದಲೂ ತಳ್ಳಾಟ ನಡೆದಿದೆ. ಆದ್ದರಿಂದ ದರದ ಪಕ್ಕದಲ್ಲಿ ಎಷ್ಟು ಜೋಡಿ ಎಂಬುದನ್ನೂ ಬರೆಯಬೇಕು.

ಶಬಾನಾ, ವಿರಾಜಪೇಟೆ

ನನ್ನದೊಂದು ಸಂದೇಹ. ಬಾವ ದುಬೈಯಿಂದ ದಿರ್ಹಮ್ ಕಳಿಸುತ್ತಾರೆ. ದಿರ್ಹಮ್ ದರ ಕಟ್ಟಿಹಾಕಿದ್ದಾರೆ, ಬದಲಾಗುವುದಿಲ್ಲ ಅನ್ನುತ್ತಾರೆ. ಆದರೆ ನಮಗೆ ಪ್ರತಿ ತಿಂಗಳೂ ಬೇರೆ ಬೇರೆ ರೂಪಾಯಿ ಸಿಗುತ್ತದಲ್ಲ?

ಪೂವಯ್ಯ, ಮಡಿಕೇರಿ

ದಿರ್ಹಮನ್ನು ಕಟ್ಟಿರುವುದು ಡಾಲರಿಗೆ, ರೂಪಾಯಿಗಲ್ಲ. ಒಂದು ಡಾಲರಿಗೆ 3.6725 ದಿರ್ಹಮ್, ಅದು ಅಲುಗುವುದಿಲ್ಲ. ಹಸುವಿಗೆ ಕಟ್ಟಿದ ಕರುವಿನ ಹಾಗೆ, ಡಾಲರ್ ಎತ್ತ ಹೋದರೆ ದಿರ್ಹಮ್ ಅತ್ತ. ಡಾಲರಿಗೆ 84 ಇದ್ದರೆ ದಿರ್ಹಮಿಗೆ ಸುಮಾರು 22.87, ಡಾಲರ್ 86 ಆದರೆ 23.42. ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಅಂಗಡಿ ಅದರಲ್ಲಿ ತನ್ನ ಪಾಲು ಕಳೆದು ಕೊಡುತ್ತದೆ. ನೇಪಾಳದ ರೂಪಾಯಿ ನಮ್ಮ ರೂಪಾಯಿಗೇ ಕಟ್ಟಿದ್ದು, ನಮ್ಮ 1ಕ್ಕೆ ಅವರ 1.60. ಕ್ಲಾಸಿನಲ್ಲಿ "ಎಲ್ಲಾ ದರವೂ ದಿನಾ ಬದಲಾಗುತ್ತದೆ" ಎಂದು ಹೇಳದಿರುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಶಬಾನಾ, ವಿರಾಜಪೇಟೆ

ಹಾಗಾದರೆ ನಾನು ನೋಡಬೇಕಾದದ್ದು ಡಾಲರ್ ಸುದ್ದಿಯನ್ನು. ಥ್ಯಾಂಕ್ಸ್ ಅಂಕಲ್.

ಸೋಮವಾರಪೇಟೆ ಟೀಚರ್

ಒಬ್ಬ ಹುಡುಗ ಕೇಳುವುದು ಖಂಡಿತ: "ಮಿಸ್, ಟಿವಿಯಲ್ಲಿ ಯಾರೋ ಏನೋ ಮಾತಾಡಿದರು ಅಂತ ರೂಪಾಯಿ ಬಿತ್ತಂತೆ, ಮಾತಿಗೆ ಹೇಗೆ ಬೀಳುತ್ತದೆ?" ಇದನ್ನು ಚೀಟಿಯಲ್ಲಿ ತೋರಿಸಲು ಆಗುತ್ತದೆಯೇ?

ಪೂವಯ್ಯ, ಮಡಿಕೇರಿ

ಆಗುತ್ತದೆ, ಇಡೀ ಆಟದಲ್ಲಿ ಬಹಳ ಚೆನ್ನಾಗಿ ಕೂಡುವ ಸುತ್ತು ಅದೇ. ಮೊದಲ ದಿನದ ಹತ್ತು-ಹತ್ತು ಚೀಟಿಗೆ ವಾಪಸ್ ಹೋಗಿ. ಹೊಸ ಚೀಟಿ ಒಂದೂ ಬೇಡ. "ಮುಂದಿನ ವಾರ ಡಾಲರ್ 2 ರೂಪಾಯಿ ದುಬಾರಿಯಾಗುತ್ತದಂತೆ" ಎಂಬ ಸುದ್ದಿ ಓದಿ. ಮಾರುವವನು ಯೋಚಿಸುತ್ತಾನೆ: ಹಾಗಾದರೆ ಇವತ್ತು 8ಕ್ಕೆ ಯಾಕೆ ಕೊಡಲಿ, 10 ಬರಲಿ. ಕೊಳ್ಳುವವನು ಯೋಚಿಸುತ್ತಾನೆ: ಆಮೇಲೆ ಇನ್ನೂ ದುಬಾರಿ, ಇವತ್ತೇ 2 ಹೆಚ್ಚು ಕೊಟ್ಟಾದರೂ ತೆಗೆದಿಡೋಣ. ಎಲ್ಲರೂ ತಮ್ಮ ಚೀಟಿಗೆ 2 ಸೇರಿಸಲಿ. ಈಗ ಕೈ ಸಮವಾಗುವುದು 11ರಲ್ಲಿ, ಜೋಡಿ ಮೊದಲಿನ ಏಳೇ. ಹೊಸದಾಗಿ ಒಂದು ಡಾಲರೂ ಬೇಕಾಗಲಿಲ್ಲ, ಒಂದು ಡಾಲರೂ ಓಡಿಹೋಗಲಿಲ್ಲ, ದರ ಮಾತ್ರ 2 ಏರಿತು. ಮುಂದಿನ ವಾರದ ಬೆಲೆ ಇವತ್ತೇ ಬಂದು ಕೂತಿತು.

ನಿಜವಾದ ಉದಾಹರಣೆ 2013ರದ್ದು. ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಆಗಿನ ಅಧ್ಯಕ್ಷ ಬೆನ್ ಬರ್ನಾಂಕೆ, ಬಾಂಡ್ ಎಂಬ ಸಾಲಪತ್ರಗಳ ಖರೀದಿಯನ್ನು ಮುಂದೆ ನಿಧಾನ ಮಾಡಬಹುದು ಎಂದರು. ಮಾಡಲಿಲ್ಲ, ಮಾಡಬಹುದು ಎಂದರು ಅಷ್ಟೇ. ಅಮೆರಿಕದಲ್ಲಿ ಬಡ್ಡಿ ಏರುತ್ತದೆ ಎಂದು ಲೆಕ್ಕ ಹಾಕಿದ ಫಂಡ್‌ಗಳು ಇಲ್ಲಿಯ ಸಾಲಪತ್ರ ಮಾರಿ ಡಾಲರ್ ಕೊಳ್ಳತೊಡಗಿದವು. 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ಕ್ಕೆ 68 ದಾಟಿತು.

ಅದೇ ದಿನ ನಮ್ಮ ರಿಸರ್ವ್ ಬ್ಯಾಂಕ್ ಮಾಡಿದ್ದನ್ನು ನಿಮ್ಮ ಎರಡನೇ ದಿನದ ಆಟದಲ್ಲಿ ಹಾಗೆಯೇ ಆಡಿಸಬಹುದು. ಮೂರು ಸರ್ಕಾರಿ ತೈಲ ಕಂಪನಿಗಳಿಗೆ "ನೀವು ಮಾರುಕಟ್ಟೆಗೆ ಬರಬೇಡಿ, ಡಾಲರ್ ನಮ್ಮಿಂದ ತೆಗೆದುಕೊಳ್ಳಿ, ಆಮೇಲೆ ಡಾಲರನ್ನೇ ವಾಪಸ್ ಕೊಡಿ" ಎಂದಿತು. ಆಟದಲ್ಲಿ ಅದು ತೈಲದ ಎರಡು ಚೀಟಿಯನ್ನು ಸಾಲಿನಿಂದ ಎಬ್ಬಿಸಿ ಟೀಚರ್ ಮೇಜಿಗೆ ಕರೆದ ಹಾಗೆ. ಉಳಿದವರು ಕೈ ಎತ್ತಿದರೆ ದರ 10ರಿಂದ 9ಕ್ಕೆ ಬರುತ್ತದೆ. ನಿಜದಲ್ಲೂ ಮರುದಿನವೇ ರೂಪಾಯಿ ಚೇತರಿಸಿಕೊಂಡಿತು.

ರಂಜನ್ ಕುಶಾಲನಗರ

ರಿಸರ್ವ್ ಬ್ಯಾಂಕ್ ಹತ್ತಿರ ಅಷ್ಟು ಡಾಲರ್ ಇದ್ದರೆ ದಿನಾ ಮಾರಿ 9ರಲ್ಲೇ ನಿಲ್ಲಿಸಿಬಿಡಬಹುದಲ್ಲ? ಯಾಕೆ ಸುಮ್ಮನೆ ಏರಲು ಬಿಡಬೇಕು?

ಪೂವಯ್ಯ, ಮಡಿಕೇರಿ

ಈ ಪ್ರಶ್ನೆಗೆ ಒಂದು ಸಾಬೂನು ಡಬ್ಬಿ ಸಾಕು. ಅದರಲ್ಲಿ 6 ಡಾಲರ್ ಬಿಲ್ಲೆ ಹಾಕಿ ಟೀಚರ್ ಮೇಜಿನ ಮೇಲೆ ಇಡಿ. ಎರಡನೇ ದಿನದ ಚೀಟಿಗಳಲ್ಲಿ 9ಕ್ಕೆ ಕೊಳ್ಳುವವರು 9, ಮಾರುವವರು 7. ಕೊರತೆ 2, ಡಬ್ಬಿಯಿಂದ ಕೊಡಿ, ದರ 9ರಲ್ಲೇ ನಿಂತಿತು. ಮರುದಿನವೂ 2, ಅದರ ಮರುದಿನವೂ 2. ನಾಲ್ಕನೇ ದಿನ ಡಬ್ಬಿ ಖಾಲಿ, ದರ 10ಕ್ಕೆ ಹಾರುತ್ತದೆ. ಡಬ್ಬಿ ಖಾಲಿಯಾಗುತ್ತಿರುವುದು ಮಕ್ಕಳಿಗೆ ಕಾಣುವಂತೆ ಮುಚ್ಚಳ ತೆರೆದೇ ಇಡಿ. ಮೂರನೇ ದಿನಕ್ಕೇ ಮಾರುವವರು ಕೈ ಕೆಳಗಿಳಿಸಿ "ನಾಳೆ ನೋಡೋಣ" ಅನ್ನಲು ಶುರುಮಾಡುತ್ತಾರೆ. ಹೇಳಿಕೊಡದೆಯೇ ಸುದ್ದಿಯ ಸುತ್ತು ತಾನಾಗಿ ಶುರುವಾಗುತ್ತದೆ.

ಇನ್ನೊಂದನ್ನು ಗಮನಿಸಿ. ಡಬ್ಬಿಗೆ ದಿನಕ್ಕೆ 18 ರೂಪಾಯಿ ಬಂದು ಬೀಳುತ್ತದೆ, ಮೂರು ದಿನಕ್ಕೆ 54. ಅಷ್ಟು ನೋಟು ಮಕ್ಕಳ ಕೈಯಿಂದ ಹೋಯಿತು. ನಿಜವಾದ ಬ್ಯಾಂಕುಗಳಲ್ಲೂ ಹಾಗೆಯೇ ರೂಪಾಯಿ ಬಿಗಿಯಾಗುತ್ತದೆ, ರಿಸರ್ವ್ ಬ್ಯಾಂಕ್ ಅದನ್ನು ಬೇರೆ ದಾರಿಯಲ್ಲಿ ವಾಪಸ್ ಬಿಡಬೇಕಾಗುತ್ತದೆ. ಆದ್ದರಿಂದಲೇ ಅದು ಒಂದು ಅಂಕಿಯನ್ನು ಕಾಯುವುದಿಲ್ಲ, ಜಿಗಿತ ಜೋರಾದಾಗ ಬ್ರೇಕ್ ಹಾಕುತ್ತದೆ. ಡಾಲರ್ ಹೆಚ್ಚು ಬಂದ ದಿನಗಳಲ್ಲಿ ತಾನೇ ಕೊಂಡು ಡಬ್ಬಿ ತುಂಬಿಸಿಕೊಳ್ಳುತ್ತದೆ.

ಮರಗೋಡು ಸವಿತಾ

ನಮ್ಮದು ಚಿಕ್ಕ ಶಾಲೆ, ಒಂಬತ್ತನೇ ಕ್ಲಾಸಿನಲ್ಲಿ 11 ಮಕ್ಕಳು. ಇಪ್ಪತ್ತು ಜನ ಎಲ್ಲಿಂದ ತರಲಿ?

ಭಾಗಮಂಡಲ ಮೇಷ್ಟ್ರು

ಹತ್ತು ಮಕ್ಕಳಿಗೆ ತಲಾ ಎರಡು ಚೀಟಿ ಕೊಡಿ ಸವಿತಾ ಮೇಡಂ. ಐವರು ಮಾರುವವರು, ಐವರು ಕೊಳ್ಳುವವರು. ಒಂದು ಚೀಟಿಗೆ ಒಪ್ಪಿಗೆಯಾದರೆ ಒಂದು ಕೈ, ಎರಡಕ್ಕೂ ಆದರೆ ಎರಡೂ ಕೈ. ಕೊಳ್ಳುವವರಿಗೆ ನೋಟೂ ಎರಡು ಪಾಲು. ಹನ್ನೊಂದನೆಯವನು ಎಣಿಸುತ್ತಾನೆ. ತೈಲದ ದಿನ ಆ ಎರಡು ಚೀಟಿಯನ್ನು ಅವನಿಗೇ ಕೊಟ್ಟು ನೀವು ಎಣಿಸಿ. ಒಂದೇ ಮಗುವಿಗೆ ಮಾರುವ ಚೀಟಿ, ಕೊಳ್ಳುವ ಚೀಟಿ ಎರಡೂ ಹೋಗದಂತೆ ನೋಡಿಕೊಳ್ಳಿ, ಗೊಂದಲವಾಗುತ್ತದೆ.

ಪೂವಯ್ಯ, ಮಡಿಕೇರಿ

ಒಂದು ಎಚ್ಚರಿಕೆ ಹೇಳುವುದು ಉಳಿಯಿತು. ಆಟದಲ್ಲಿ 9ರಿಂದ 10 ಎಂದರೆ ನೂರಕ್ಕೆ ಹನ್ನೊಂದರಷ್ಟು ಜಿಗಿತ. ನಿಜವಾದ ರೂಪಾಯಿ ಸಾಮಾನ್ಯ ದಿನದಲ್ಲಿ ಕೆಲವು ಪೈಸೆ ಅಲುಗುತ್ತದೆ, ಬ್ಯಾಂಕುಗಳು ಪೈಸೆಯನ್ನೂ ನೂರು ಭಾಗ ಮಾಡಿ ದರ ಹೇಳುತ್ತವೆ. ಅಲ್ಲಿ ದಿನಕ್ಕೊಂದು ಸಲ ಕೈ ಎತ್ತುವುದೂ ಇಲ್ಲ, ಮಾರುಕಟ್ಟೆ ತೆರೆದಿರುವಷ್ಟು ಹೊತ್ತೂ ನಿಮಿಷ ನಿಮಿಷಕ್ಕೆ ಇದೇ ತೂಗಾಟ. ಇದನ್ನು ಹೇಳದಿದ್ದರೆ ಮಕ್ಕಳು ಮನೆಗೆ ಹೋಗಿ "ಡಾಲರ್ ನಾಳೆ ಒಮ್ಮೆಗೇ ಹತ್ತು ರೂಪಾಯಿ ಏರಬಹುದು" ಅಂದುಬಿಡುತ್ತಾರೆ.

ಸೋಮವಾರಪೇಟೆ ಟೀಚರ್

ಹಾಗಾದರೆ ಬೋರ್ಡಿನಲ್ಲಿ 9, 10ರ ಬದಲು 85.09, 85.10 ಎಂದು ಬರೆದು, ಚೀಟಿಯಲ್ಲೂ ಪೈಸೆಯನ್ನೇ ಇಟ್ಟರೆ?

ಭಾಗಮಂಡಲ ಮೇಷ್ಟ್ರು

ಬೇಡ ಮೇಡಂ. ಕೈಯಲ್ಲಿ ಒಂಬತ್ತು ನೋಟು ಎಣಿಸಿ ಕೊಟ್ಟರೆ ಅದು ದುಡ್ಡು. 85.09 ಎಂದರೆ ಗಣಿತದ ಪೀರಿಯಡ್ ಶುರುವಾಯಿತು. ನೋಟಿಗೂ ಬೋರ್ಡಿಗೂ ತಾಳೆ ತಪ್ಪುತ್ತದೆ.

ಪೂವಯ್ಯ, ಮಡಿಕೇರಿ

ನಾನಾದರೆ ಪೈಸೆಯಲ್ಲೇ ಆಡಿಸುತ್ತೇನೆ, 85 ರೂಪಾಯಿಯ ಒಂದು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಮೇಲಿನ 9 ಅಥವಾ 10 ಪೈಸೆಯನ್ನು ಮಾತ್ರ ಬಿಡಿಯಾಗಿ ಎಣಿಸಿ. ಮೇಷ್ಟ್ರು ಒಪ್ಪುವುದಿಲ್ಲ ಅಂತ ಗೊತ್ತು.

ಭಾಗಮಂಡಲ ಮೇಷ್ಟ್ರು

ಹನ್ನೆರಡು ಕಟ್ಟು ಕಟ್ಟುವುದು ಯಾರು ಪೂವಯ್ಯನವರೇ?

ಸೋಮವಾರಪೇಟೆ ಟೀಚರ್

ಎ ಸೆಕ್ಷನ್‌ಗೆ 9-10, ಬಿ ಸೆಕ್ಷನ್‌ಗೆ ಕಟ್ಟು ಮತ್ತು ಪೈಸೆ, ಎರಡೂ ಆಡಿಸಿ ನೋಡುತ್ತೇನೆ. ಬುಧವಾರ ಎ, ಗುರುವಾರ ಬಿ. ಕೈ ಲೆಕ್ಕ ಎಷ್ಟು ಬಂತು ಅಂತ ಇಲ್ಲೇ ಬರೆಯುತ್ತೇನೆ.